ಜೂನ್ 1ಕ್ಕೆ 6 ವರ್ಷ ತುಂಬ್ಯಾವೋ ಇಲ್ಲೋ: DATEDIF ಒಂದು ಹೇಳ್ತದ, ಉಳಿದ ಫಾರ್ಮುಲಾ ಇನ್ನೊಂದು

ಚಿಂಚೋಳಿ_ಗಡಿ
ಒಂದನೇ ತರಗತಿ ದಾಖಲಾತಿ ಪಟ್ಟಿ ಎಕ್ಸೆಲ್‌ನಾಗ ಮಾಡ್ಲಿಕತ್ತೀನಿ. ಒಟ್ಟು 118 ಮಕ್ಕಳು. B ಕಾಲಂನಾಗ ಜನ್ಮದಿನಾಂಕ, E1 ಸೆಲ್‌ನಾಗ =DATE(2026,6,1), ಅಂದ್ರ 01-06-2026. ಆ ದಿನಕ್ಕೆ 6 ವರ್ಷ ಪೂರ್ತಿ ಆದವರು ಬ್ಯಾರೆ, ಆಗದವರು ಬ್ಯಾರೆ ಆಗಬೇಕು, ಇಷ್ಟೇ ಕೆಲಸ.

ಹಳೇ ಶೀಟಿನಾಗ ಮೊದಲನೇ ಫಾರ್ಮುಲಾ ಇತ್ತು. ಯಾರೋ ಎರಡನೇದು ಛಲೋ ಅಂದ್ರು. ಮೂರನೇದು ನಾನೇ ಹಾಕಿದ್ದು.

```
=INT(($E$1-B2)/365)
=INT(YEARFRAC(B2,$E$1,1))
=DATEDIF(B2,$E$1,"Y")
```

ಬಹಳಷ್ಟು ಮಕ್ಕಳಿಗೆ ಮೂರೂ ಒಂದೇ ಉತ್ತರ ಬರ್ತದ. ಆದ್ರ ಪರೀಕ್ಷೆಗೆ 01-06-2020 ಮತ್ತು 02-06-2020ನ್ನ ಹಿಂಗೇ DATE ಫಂಕ್ಷನ್‌ನಿಂದ ಹಾಕಿ ನೋಡಿದ್ರ ಮೂರೂ ಹೊಂದೂದಿಲ್ಲ. ಮ್ಯಾಲೆ ಒಂದು ಸಾಲಿನಾಗ ವಯಸ್ಸು 126 ಅಂತ ಬಂದದ, ಐದಾರು ಕಡೆ #VALUE! ಅದ. ಯಾವುದನ್ನ ನಂಬಲಿ?

ತೊಗರಿ_ರಾಶಿ
365ರಿಂದ ಭಾಗಿಸಿದ್ರ ಅಧಿಕ ವರ್ಷ ಲೆಕ್ಕಕ್ಕ ಬರೂದಿಲ್ರಿ, ಅದಕ್ಕ ತಪ್ಪಾಗ್ತದ. 365.25 ಹಾಕ್ರಿ, ಎಲ್ಲಾ ಸರಿಹೋಗ್ತದ. ನಿವೃತ್ತಿ ಪಟ್ಟಿಗೆ ನಾವು ವರ್ಷಾನುಗಟ್ಟಲೆ ಅದೇ ಹಾಕ್ತೀವಿ, ಒಂದೂ ತಪ್ಪು ಬಂದಿಲ್ಲ.

ಲೆಕ್ಕಪತ್ರ_ಕಲಬುರಗಿ
ತೊಗರಿ ಅಣ್ಣಾ, ನಿವೃತ್ತಿ ಪಟ್ಟಿಯಲ್ಲಿ ಸರಿ ಬರೋದಕ್ಕೆ ಕಾರಣ ಬೇರೆ. 60 ನಾಲ್ಕರಿಂದ ಸರಿಯಾಗಿ ಭಾಗವಾಗುತ್ತೆ. 01-06-1966ರಿಂದ 01-06-2026ರವರೆಗೆ ಫೆಬ್ರವರಿ 29 ಬರೋದು 15 ಸಲ, ಒಟ್ಟು 21915 ದಿನ. ಅದನ್ನ 365.25ರಿಂದ ಭಾಗಿಸಿದರೆ ಸರಿಯಾಗಿ 60. ಅದೇ ಫಾರ್ಮುಲಾ 6 ವರ್ಷಕ್ಕೆ ಹಾಕಿ ನೋಡಿ, ಕೈ ಕೊಡುತ್ತೆ.

ಮೂಲ ಪ್ರಶ್ನೆಯ ಮಗುವನ್ನೇ ತಗೊಳ್ಳಿ, 01-06-2020. ಆ ವರ್ಷದ ಫೆಬ್ರವರಿ 29 ಮಗು ಹುಟ್ಟೋಕೆ ಮೊದಲೇ ಮುಗಿದಿತ್ತು. ಮುಂದೆ ಸಿಕ್ಕಿದ್ದು 2024ರದ್ದೊಂದೇ. ಹಾಗಾಗಿ 01-06-2026ಕ್ಕೆ 6×365+1, ಅಂದರೆ 2191 ದಿನ. 365.25ರಿಂದ ಭಾಗಿಸಿದರೆ 5.9986. INT ಅದನ್ನ ಕತ್ತರಿಸಿ 5 ಮಾಡುತ್ತೆ. ಆರನೇ ಹುಟ್ಟುಹಬ್ಬದ ದಿನ ಮಗುವಿಗೆ 5 ಅಂತ ತೋರಿಸಿ ಹೊರಗೆ ಹಾಕುತ್ತೆ.

YEARFRAC ಕೊನೆಯಲ್ಲಿ 1 ಹಾಕಿದಾಗಲೂ ಇದೇ ಕಥೆ. ಅದು 2020ರಿಂದ 2026ರವರೆಗಿನ ಏಳೂ ವರ್ಷಗಳ ಸರಾಸರಿ ಉದ್ದ ತೆಗೆಯುತ್ತೆ. ಆ ಏಳರಲ್ಲಿ ಎರಡು ಅಧಿಕ ವರ್ಷ ಇರೋದರಿಂದ ಸರಾಸರಿ 365.2857. 2191ನ್ನು ಅದರಿಂದ ಭಾಗಿಸಿದರೆ 5.998, ಮತ್ತೆ 5.

ಇನ್ನು 365. ಅದು ಎದುರು ದಿಕ್ಕಿನಲ್ಲಿ ತಪ್ಪುತ್ತೆ. 02-06-2020ಕ್ಕೆ ಹುಟ್ಟಿದ ಮಗುವಿಗೆ 2190 ದಿನ, 365ರಿಂದ ಭಾಗಿಸಿದರೆ ಸರಿಯಾಗಿ 6. ಹುಟ್ಟುಹಬ್ಬ ನಾಳೆ ಇರುವಾಗ ಇವತ್ತೇ 6 ಅನ್ನುತ್ತೆ.

DATEDIF ದಿನ ಎಣಿಸಿ ಭಾಗಿಸೋದಿಲ್ಲ. ವರ್ಷದಿಂದ ವರ್ಷ ಕಳೆದು, ಈ ವರ್ಷದ ತಿಂಗಳು-ತಾರೀಖು ಬಂದಿದೆಯೋ ಇಲ್ಲವೋ ನೋಡುತ್ತೆ. ಬಂದಿರದಿದ್ದರೆ ಒಂದು ಕಡಿಮೆ ಮಾಡುತ್ತೆ. ನಾವು ಬಾಯಲ್ಲಿ ವಯಸ್ಸು ಹೇಳೋದೂ ಹೀಗೇ ತಾನೆ. 31-05-2020ಕ್ಕೆ 6, 01-06-2020ಕ್ಕೆ 6, 02-06-2020ಕ್ಕೆ 5. "Y" ಹಾಕಿದ DATEDIF ನಂಬಿ.

ತೊಗರಿ_ರಾಶಿ
2191 ಭಾಗಿಸಿ ನೋಡಿದೆ, ಖರೇ ಅದರಿ. 60ಕ್ಕ ಸರಿ ಬಂತು ಅಂತ ಎಲ್ಲಾ ವಯಸ್ಸಿಗೂ ಸರಿ ಅಂದ್ಕೊಂಡಿದ್ದೆ. 18ಕ್ಕ ಹ್ಯಾಂಗ?

ಲೆಕ್ಕಪತ್ರ_ಕಲಬುರಗಿ
18ರಲ್ಲಿ ಫೆಬ್ರವರಿ 29 ನಾಲ್ಕು ಸಲ ಬರಬಹುದು, ಇಲ್ಲ ಐದು ಸಲ. 365.25ಕ್ಕೆ ಬೇಕಾಗಿರೋದು ನಾಲ್ಕೂವರೆ. ನಾಲ್ಕು ಸಿಕ್ಕವರಿಗೆ ಹುಟ್ಟುಹಬ್ಬದ ದಿನ 17 ತೋರಿಸುತ್ತೆ, ಐದು ಸಿಕ್ಕವರಿಗೆ ಸರಿ ಬರುತ್ತೆ. ಕೆಲವರಿಗೆ ಸರಿ ಬರೋದರಿಂದಲೇ ತಪ್ಪು ಕಣ್ಣಿಗೆ ಬೀಳೋದಿಲ್ಲ.

ಭೀಮಾ_ದಂಡೆ
ಒಂದು ದಿನದ ವ್ಯತ್ಯಾಸ ಅಲ್ವಾ, 118 ಮಕ್ಕಳಲ್ಲಿ ಎಷ್ಟು ಜನ ಆ ಒಂದು ದಿನಕ್ಕೇ ಹುಟ್ಟಿರ್ತಾರೆ?

ಪಿಂಚಣಿ_ಶಾಖೆ
ನಮ್ಮ ಕಡೆ ಆ ಮಾತು ನಡೆಯೋದಿಲ್ರಿ. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಶಾಲೆಗೆ ಹಾಕುವಾಗ ಮಾಸ್ತರರು ಜೂನ್ 1 ಅಂತ ಬರೆದುಬಿಡ್ತಿದ್ದರು. ಹಿರಿಯರ ಸೇವಾ ಪುಸ್ತಕ ತೆರೆದು ನೋಡಿ, 01-06 ಸಾಲುಸಾಲಾಗಿ ಸಿಗುತ್ತೆ. ಈಗಿನ ಮಕ್ಕಳಿಗೆ ಪ್ರಮಾಣಪತ್ರ ಇದೆ, ಆದರೆ ಕಟ್ ಆಫ್ ದಿನಾಂಕವೂ ಜೂನ್ 1 ತಾನೆ. ಫಾರ್ಮುಲಾ ಎಡವೋದು ಸರಿಯಾಗಿ ಹುಟ್ಟುಹಬ್ಬದ ದಿನ, ನಾವು ಎಣಿಸೋದೂ ಅದೇ ದಿನ.

ಹೊಸಬ_ಸುರಪುರ
ನನಗೂ ಇದೇ ಬೇಕಿತ್ತು ಸರ್. ಆದ್ರ =DATEDIF ಅಂತ ಹೊಡೆದ್ರ ಕೆಳಗ ಪಟ್ಟಿಯೊಳಗ ಹೆಸರೇ ಬರಂಗಿಲ್ಲ. ನನ್ನ ಎಕ್ಸೆಲ್ ಹಳೇದೇನು? ನನಗ ಬೇಕಾಗಿದ್ದು ಇವತ್ತಿನ ವಯಸ್ಸು.

ಲೆಕ್ಕಪತ್ರ_ಕಲಬುರಗಿ
ಹಳೇದಲ್ಲಪ್ಪ, ಎಲ್ಲರಿಗೂ ಹಾಗೇ. ಲೋಟಸ್ 1-2-3 ಕಾಲದ ಶೀಟುಗಳು ನಡೀಲಿ ಅಂತ ಉಳಿಸಿಕೊಂಡ ಫಂಕ್ಷನ್ ಅದು. ಎಕ್ಸೆಲ್ ಹೆಸರು ಸೂಚಿಸೋದಿಲ್ಲ, ಒಳಗೆ ಏನು ಹಾಕಬೇಕು ಅಂತಲೂ ತೋರಿಸೋದಿಲ್ಲ. ಪೂರ್ತಿ ನೀನೇ ಟೈಪ್ ಮಾಡಬೇಕು. ಮೊದಲು ಹಳೇ ದಿನಾಂಕ, ಆಮೇಲೆ ಹೊಸದು. ತಿರುಗುಮುರುಗಾದರೆ #NUM!. ವರ್ಡ್ ಫೈಲಿನಿಂದ ಫಾರ್ಮುಲಾ ನಕಲು ಮಾಡಿದರೆ Y ಸುತ್ತಲಿನ ಉದ್ಧರಣ ಚಿಹ್ನೆ ಬಾಗಿರುತ್ತೆ, ಅದನ್ನ ಎಕ್ಸೆಲ್ ಒಪ್ಪೋದಿಲ್ಲ. ಅಳಿಸಿ ಕೀಬೋರ್ಡಿನಿಂದಲೇ ಹಾಕು.

ಇವತ್ತಿನ ವಯಸ್ಸು ಬೇಕಿದ್ದರೆ $E$1 ಜಾಗದಲ್ಲಿ TODAY() ಹಾಕು. ದಾಖಲಾತಿ, ನೇಮಕಾತಿಯಂಥ ಪಟ್ಟಿಗೆ ಮಾತ್ರ ಬೇಡ. ಇವತ್ತು ಪ್ರಿಂಟ್ ತೆಗೆದದ್ದಕ್ಕೂ ಮುಂದಿನ ತಿಂಗಳು ತೆರೆದದ್ದಕ್ಕೂ ವಯಸ್ಸು ಹೊಂದೋದಿಲ್ಲ.

ಬಿದರಿ_ಕುಸುರಿ
ಫಾರ್ಮುಲಾ ಮಾತು ಮುಗೀತು, ಆದ್ರ ಚಿಂಚೋಳಿಯವರ ನಿಜವಾದ ಗಂಡಾಂತರ #VALUE! ಬಂದ ಸಾಲುಗಳೊಳಗ ಅದ. ಅದನ್ನ ಯಾರೂ ಕೇಳ್ಲಿಲ್ಲ. ಆ ದಿನಾಂಕ ಹ್ಯಾಂಗ ಬರೆದಾರ? ಚುಕ್ಕಿ ಹಾಕಿ 14.06.2020 ಅಂತ ಏನು?

ಚಿಂಚೋಳಿ_ಗಡಿ
ಕೆಲವು ಚುಕ್ಕಿಯವು ಹೌದು. ಕೆಲವು 25-05-2020 ಅಂತ ಗೆರೆ ಹಾಕಿದ್ದೇ ಅವ, ಆದ್ರೂ #VALUE!. ಪಕ್ಕದ ಸಾಲಿನಾಗ 03-06-2020 ಹಂಗೇ ಬರೆದದ್ದು, ಅದಕ್ಕ 6 ಅಂತ ಉತ್ತರ ಬಂದದ.

ಬಿದರಿ_ಕುಸುರಿ
ಸಿಕ್ತು ನೋಡ್ರಿ. ಜೂನ್ 3ಕ್ಕ ಹುಟ್ಟಿದ ಕೂಸಿಗೆ ಜೂನ್ 1ಕ್ಕ 5 ಬರಬೇಕು, 6 ಹ್ಯಾಂಗ ಬಂತು?

ನಿಮ್ಮ ಕಂಪ್ಯೂಟರಿನ ರೀಜನ್ ಅಮೆರಿಕದ್ದು ಇರಬೇಕು. ಅಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. 25-05-2020 ಓದಿದಾಗ 25ನೇ ತಿಂಗಳು ಇಲ್ಲ, ಅದಕ್ಕ ಅದನ್ನ ಬರೀ ಅಕ್ಷರ ಅಂತ ಬಿಟ್ಟದ. DATEDIF ಅಲ್ಲಿ #VALUE! ಕೊಟ್ಟದ, ಅದು ಪುಣ್ಯ, ಕಣ್ಣಿಗೆ ಕಾಣ್ತದ. 03-06-2020 ಓದಿದಾಗ ಮೂರನೇ ತಿಂಗಳು ಆರನೇ ತಾರೀಖು ಅಂತ ಸುಮ್ಮನ ಮಾರ್ಚ್ 6 ಮಾಡಿಕೊಂಡದ. ಮಾರ್ಚ್ 6 ಅಂದ್ರ 6 ವರ್ಷ ತುಂಬ್ತು. ತಪ್ಪು ಅನ್ನೂದೇ ಗೊತ್ತಾಗಂಗಿಲ್ಲ. ತಾರೀಖು 12 ಇಲ್ಲಾ 12ಕ್ಕಿಂತ ಕಡಿಮೆ ಇದ್ದದ್ದೆಲ್ಲಾ ಹಿಂಗ ತಿರುವಿ ಬಿದ್ದಿರ್ತದ. 05-05, 06-06 ಇಂಥವು ಅಷ್ಟೇ ಉಳೀತಾವ.

ಪತ್ತೆ ಹಚ್ಚೂದು ಹಿಂಗ. ಕಾಲಂನ ಅಲೈನ್‌ಮೆಂಟ್ ತೆಗೆದುಬಿಡ್ರಿ. ಖರೇ ದಿನಾಂಕ ಸೆಲ್‌ನ ಬಲಕ್ಕ ಸರೀತದ, ಅಕ್ಷರ ಎಡಕ್ಕ ನಿಲ್ತದ. ಆಮೇಲೆ ಈ ಎರಡು ಹಾಕಿ ನೋಡ್ರಿ:

```
=COUNTA(B2:B119)
=COUNT(B2:B119)
```

ಮೊದಲನೇದು ತುಂಬಿದ ಸೆಲ್ ಎಣಸ್ತದ, ಎರಡನೇದು ಖರೇ ದಿನಾಂಕ ಅಷ್ಟೇ ಎಣಸ್ತದ. ಎರಡೂ ಒಂದೇ ಬರಬೇಕು. ಬರದಿದ್ರ, ಮತ್ತ ಬಲಕ್ಕ ಸರಿದ ದಿನಾಂಕದೊಳಗ ಒಂದರಲ್ಲೂ ತಾರೀಖು 12 ದಾಟಿಲ್ಲ ಅಂದ್ರ, ಇಡೀ ಕಾಲಂ ತಿರುವಿದ್ದೇ. ನೋಡಲಿಕ್ಕ ಫಾರ್ಮ್ಯಾಟ್ dd-mmm-yyyy ಮಾಡ್ರಿ, ತಿಂಗಳು ಹೆಸರಿನಾಗ ಕಾಣಿಸ್ತದ.

ಹೊಸಬ_ಸುರಪುರ
ಫಾರ್ಮ್ಯಾಟ್ dd-mm-yyyy ಅಂತ ಬದಲಿಸಿದ್ರ ಸರಿ ಆಗಂಗಿಲ್ಲೇನು?

ಬಿದರಿ_ಕುಸುರಿ
ಆಗಂಗಿಲ್ಲ ತಮ್ಮಾ. ಫಾರ್ಮ್ಯಾಟ್ ಅಂದ್ರ ತೋರಿಸೂ ರೀತಿ ಅಷ್ಟೇ. ಒಳಗ ಇರೂದು ಒಂದು ಸಂಖ್ಯೆ. 01-06-2020 ಒಳಗ 43983 ಆಗಿ ಕೂತಿರ್ತದ. ಮಾರ್ಚ್ 6ರ ಸಂಖ್ಯೆ ಒಳಗ ಹೊಕ್ಕಮ್ಯಾಲೆ ಯಾವ ಫಾರ್ಮ್ಯಾಟ್ ಕೊಟ್ರೂ ಅದು ಮಾರ್ಚ್ 6ನೇ.

ಚಿಂಚೋಳಿ_ಗಡಿ
COUNTA 117, COUNT 46. ಬಲಕ್ಕ ಇದ್ದದ್ದರೊಳಗ 12 ದಾಟಿದ ತಾರೀಖು ಒಂದೂ ಇಲ್ಲ. ಎದಿ ಧಸಕ್ಕಂತು. ಮ್ಯಾಲಿನ ಐದಾರು #VALUE! ಅಷ್ಟೇ ನೋಡಿದ್ದೆ, ಕೆಳಗ ಹೋದ್ರ ಎಪ್ಪತ್ತರ ಮ್ಯಾಲ ಅವ. ಈಗ ಕುಂತು ಒಂದೊಂದೇ ತಿದ್ದಬೇಕೇನು?

ಬಿದರಿ_ಕುಸುರಿ
ಕೈಲೆ ತಿದ್ದಬ್ಯಾಡ್ರಿ, ಅರ್ಧ ತಿದ್ದಿ ಅರ್ಧ ಬಿಟ್ರ ಯಾವುದು ಸರಿ ಯಾವುದು ತಿರುವಿದ್ದು ಅಂತ ಗುರುತೇ ಸಿಗಂಗಿಲ್ಲ. ಈ ಶೀಟ್ ಬಿಡ್ರಿ, ಮೂಲ ಫೈಲಿಗೆ ಹೋಗ್ರಿ. ಅದು ಸಿಎಸ್‌ವಿ ಇದ್ರ ಡಬಲ್ ಕ್ಲಿಕ್ ಮಾಡಬ್ಯಾಡ್ರಿ, ತೆರೆದಕೂಡಲೇ ಎಕ್ಸೆಲ್ ಮತ್ತ ತಿರುವ್ತದ. ನೋಟ್‌ಪ್ಯಾಡಿನಾಗ ತೆರೀರಿ.

ಹೊಸ ಶೀಟಿನಾಗ ಮೊದಲು ಇಡೀ ಕಾಲಂ Text ಫಾರ್ಮ್ಯಾಟ್ ಮಾಡಿ, ಅಲ್ಲಿ ಎಲ್ಲಾ ಸಾಲು ಅಂಟಿಸ್ರಿ. ಈಗ ಎಕ್ಸೆಲ್ ಒಂದನ್ನೂ ಮುಟ್ಟಂಗಿಲ್ಲ. ಕಾಮಾದಿಂದ ಕೂಡಿದ ಸಾಲು ಇದ್ರ Text to Columns ಒಳಗ Delimited, Comma ಆರಿಸ್ರಿ. ಮೂರನೇ ಹಂತದಾಗ ಜನ್ಮದಿನಾಂಕದ ಕಾಲಂ ಮ್ಯಾಲೆ ಒತ್ತಿ Date ಆರಿಸಿ ಪಕ್ಕದಾಗ DMY ಅಂತ ಕೊಡ್ರಿ, ಆಮೇಲೆ Finish. ರೀಜನ್ ಏನೇ ಇರಲಿ, ತಾರೀಖು ಮೊದಲು ಅಂತ ನಾವೇ ಹೇಳಿದಂಗಾತು. ಚುಕ್ಕಿ ಹಾಕಿದವೂ ಇದರೊಳಗ ಸರಿ ಆಗ್ತಾವ. ಮುಗಿದಮ್ಯಾಲೆ COUNT ಮತ್ತೊಮ್ಮೆ ನೋಡ್ರಿ.

ವಿಂಡೋಸ್‌ನ ರೀಜನ್ English (India) ಮಾಡಿಡ್ರಿ, ಇನ್ನು ಮುಂದ ಟೈಪ್ ಮಾಡಿದ್ದಾದ್ರೂ ಸರಿ ಇರ್ತದ.

ಲೆಕ್ಕಪತ್ರ_ಕಲಬುರಗಿ
COUNTA 117 ಅಂದರೆ 118ರಲ್ಲಿ ಒಂದು ಸೆಲ್ ಖಾಲಿ. ಆ 126 ವರ್ಷದ ಮಗು ಅದೇ. ಖಾಲಿ ಸೆಲ್ ಅನ್ನ ಎಕ್ಸೆಲ್ ಸೊನ್ನೆ ಅಂತ ಓದುತ್ತೆ, ಸೊನ್ನೆ ಅಂದರೆ 1900ರ ಶುರು. ಅಲ್ಲಿಂದ 2026ಕ್ಕೆ 126. "6 ಅಥವಾ ಹೆಚ್ಚು" ಅಂತ ಫಿಲ್ಟರ್ ಹಾಕಿದ್ದರೆ ಆ ಮಗು ಅರ್ಹರ ಪಟ್ಟಿಗೆ ಸೇರಿರುತ್ತೆ, ನೋಡಿಕೊಳ್ಳಿ. ಫಾರ್ಮುಲಾಗೆ ಹೀಗೆ ಕಾವಲು ಹಾಕಿ:

```
=IF(ISNUMBER(B2),DATEDIF(B2,$E$1,"Y"),"ದಿನಾಂಕ ನೋಡಿ")
```

ಖಾಲಿ ಇದ್ದರೂ ಅಕ್ಷರ ಇದ್ದರೂ ಇದು ಹಿಡಿಯುತ್ತೆ. ತಿರುವಿ ಬಿದ್ದ ದಿನಾಂಕವನ್ನ ಮಾತ್ರ ಯಾವ ಫಾರ್ಮುಲಾವೂ ಹಿಡಿಯೋದಿಲ್ಲ, ಅದಕ್ಕೆ ಕುಸುರಿಯವರು ಹೇಳಿದ ಪರೀಕ್ಷೆಯೇ ಗತಿ.

ಶಹಾಪುರ_ಅಕ್ಕ
ನನ್ನದು ಅಂಗನವಾಡಿ ಮಕ್ಕಳ ಪಟ್ಟಿ. ವರ್ಷ ಅಷ್ಟೇ ಅಲ್ಲ, ತಿಂಗಳು ದಿನ ಎಲ್ಲಾ ಬೇಕು. "Y", "YM", "MD" ಮೂರೂ ಹಾಕೀನಿ. 31-01-2021ಕ್ಕ ಹುಟ್ಟಿದ ಕೂಸಿಗೆ 01-03-2026ಕ್ಕ ನೋಡಿದ್ರ 5 ವರ್ಷ, 1 ತಿಂಗಳು, -2 ದಿನ ಅಂತ ಬಂತು. ನಾನೇನು ತಪ್ಪು ಮಾಡೀನಿ?

ಲೆಕ್ಕಪತ್ರ_ಕಲಬುರಗಿ
ನಿಮ್ಮ ತಪ್ಪಲ್ಲಕ್ಕಾ, "MD"ಯದೇ ದೋಷ. ಅದನ್ನ ಬಳಸಬೇಡಿ ಅಂತ ಮೈಕ್ರೋಸಾಫ್ಟ್‌ನವರೇ ತಮ್ಮ ಸಹಾಯ ಪುಟದಲ್ಲಿ ಬರೆದಿದ್ದಾರೆ.

ಅದು ಎಣಿಸೋ ರೀತಿ ನೋಡಿ. ಕೊನೆ ದಿನಾಂಕದ ತಾರೀಖು 1, ಹುಟ್ಟಿದ ತಾರೀಖು 31. ಕಳೆದರೆ ಋಣ ಬರುತ್ತೆ ಅಂತ ಹಿಂದಿನ ತಿಂಗಳ ದಿನಗಳನ್ನ ಸೇರಿಸಿಕೊಳ್ಳುತ್ತೆ. ಹಿಂದಿನ ತಿಂಗಳು ಫೆಬ್ರವರಿ, 28 ದಿನ. 1 + 28 - 31 = -2. ಹಿಂದಿನ ತಿಂಗಳಲ್ಲಿ ಇಲ್ಲದ ತಾರೀಖಿಗೆ ಹುಟ್ಟಿದವರಿಗೆಲ್ಲ ಹೀಗೆ ಸೊನ್ನೆ ಅಥವಾ ಋಣ ಬರಬಹುದು. ಜೂನ್ 1ಕ್ಕೆ ಈ ತೊಂದರೆ ಇಲ್ಲ, ಮೇ ತಿಂಗಳಿಗೆ 31 ದಿನ ಇದೆ. ಮಾರ್ಚ್ 1ಕ್ಕೆ ಇದೆ.

ವರ್ಷ, ತಿಂಗಳು ಹಾಗೇ ಇರಲಿ. ದಿನಕ್ಕೆ ಮಾತ್ರ ಇದನ್ನ ಹಾಕಿ:

```
=$E$1-EDATE(B2,DATEDIF(B2,$E$1,"M"))
```

ಪೂರ್ತಿಯಾದ ತಿಂಗಳು 61. ಹುಟ್ಟಿದ ದಿನದಿಂದ 61 ತಿಂಗಳು ಮುಂದೆ ಹೋದರೆ 31ನೇ ತಾರೀಖು ಇಲ್ಲದ ಕಾರಣ EDATE 28-02-2026ರಲ್ಲಿ ನಿಲ್ಲುತ್ತೆ. ಅಲ್ಲಿಂದ ಮಾರ್ಚ್ 1ಕ್ಕೆ 1 ದಿನ. ಉತ್ತರ 5 ವರ್ಷ 1 ತಿಂಗಳು 1 ದಿನ. ಸೆಲ್ ದಿನಾಂಕದ ರೂಪದಲ್ಲಿ ಕಂಡರೆ General ಫಾರ್ಮ್ಯಾಟ್ ಕೊಡಿ.

ಶಹಾಪುರ_ಅಕ್ಕ
ಬಂತು, ಬಂತು! ಆದ್ರ ಫೆಬ್ರವರಿ 28ಕ್ಕ ನೋಡಿದ್ರ 5 ವರ್ಷ 0 ತಿಂಗಳು 28 ದಿನ ಅಂತದ, ಮರುದಿನ 1 ತಿಂಗಳು 1 ದಿನ. ನಡುವ 1 ತಿಂಗಳು 0 ದಿನ ಅನ್ನೂದು ಬರಲೇ ಇಲ್ಲ.

ಲೆಕ್ಕಪತ್ರ_ಕಲಬುರಗಿ
ಹೌದು, ಬರೋದಿಲ್ಲ. DATEDIF 31 ಬರಲಿ ಅಂತ ಕಾಯುತ್ತೆ, EDATE ತಿಂಗಳ ಕೊನೆಗೇ ಸಾಕು ಅನ್ನುತ್ತೆ. ಎರಡರ ನಂಬಿಕೆ ಬೇರೆ. ಫೆಬ್ರವರಿ 29ಕ್ಕೆ ಹುಟ್ಟಿದವರಿಗೂ ಇದೇ: 29-02-2008ಕ್ಕೆ ಹುಟ್ಟಿದವರಿಗೆ DATEDIF 28-02-2026ಕ್ಕೆ 17 ಅನ್ನುತ್ತೆ, ಮಾರ್ಚ್ 1ಕ್ಕೆ 18.

ಭೀಮಾ_ದಂಡೆ
ವಿಷಯ ಬೇರೆ ಕಡೆ ಹೋಯ್ತು. ಒಂದನೇ ತರಗತಿಗೆ 5 ವರ್ಷ 5 ತಿಂಗಳು ಸಾಕು ಅಂತ ಆಗಿತ್ತಲ್ಲ? 6 ಯಾಕೆ ನೋಡ್ತಿದ್ದೀರಿ?

ಚಿಂಚೋಳಿ_ಗಡಿ
ಅದು 2025-26ರ ಸಾಲಿಗೆ ಕೊಟ್ಟ ಸಡಿಲಿಕೆ. ಈ ಪಟ್ಟಿ ಮುಂದಿನ ಸಾಲಿಂದು, ನಮಗ 6 ಅಂತನೇ ಹೇಳ್ಯಾರ.

ತೊಗರಿ_ರಾಶಿ
ಹಂಗ ತಿಂಗಳ ಲೆಕ್ಕ ಬೇಕಾದ್ರ "Y" ಬದಲಿ "M" ಹಾಕಿ 65 ಅಥವಾ ಹೆಚ್ಚು ಅಂತ ನೋಡ್ರಿ. ವರ್ಷ ಬ್ಯಾರೆ ತಿಂಗಳು ಬ್ಯಾರೆ ಹೋಲಿಸಲಿಕ್ಕ ಹೋದ್ರ 6 ವರ್ಷ 2 ತಿಂಗಳಿನವರು "5 ತಿಂಗಳಿಗಿಂತ ಕಡಿಮೆ" ಅಂತ ಹೊರಗ ಬೀಳ್ತಾರ.

ಪಿಂಚಣಿ_ಶಾಖೆ
ಒಂದು ಮಾತು. DATEDIF ಸರಿ ಅಂದಮಾತ್ರಕ್ಕೆ ನಿಯಮಕ್ಕೂ ಸರಿ ಅಂತ ಆಗೋದಿಲ್ಲ. ಸರ್ಕಾರಿ ನೌಕರರು 60 ತುಂಬುವ ತಿಂಗಳ ಕೊನೆ ದಿನ ನಿವೃತ್ತರಾಗ್ತಾರೆ. ಆದರೆ 1ನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ಹೋಗ್ತಾರೆ. 01-06-1966ರವರು 31-05-2026ಕ್ಕೆ. ಆ ದಿನಕ್ಕೆ DATEDIF ಕೇಳಿದರೆ 59 ಅನ್ನುತ್ತೆ. ನಿವೃತ್ತಿಗೆ ವಯಸ್ಸು ನೋಡಬೇಡಿ, ನೇರ ದಿನಾಂಕ ತೆಗೀರಿ:

```
=EOMONTH(EDATE(B2,720)-1,0)
```

ಆ -1 ಬಿಟ್ಟರೆ ಜೂನ್ 1ರವರೆಲ್ಲ ಒಂದು ತಿಂಗಳು ತಡವಾಗಿ ಜೂನ್ 30ಕ್ಕೆ ಬೀಳ್ತಾರೆ.

ಕಾಗಿಣಾ_ವಕೀಲ
ಆ ನಿಯಮದ ಹಿಂದೆ ಒಂದು ತತ್ವ ಇದೆ: ಹುಟ್ಟಿದ ದಿನವನ್ನೂ ಪೂರ್ತಿ ದಿನವಾಗಿ ಎಣಿಸಿದರೆ ವರ್ಷ ತುಂಬೋದು ಹುಟ್ಟುಹಬ್ಬದ ಹಿಂದಿನ ದಿನ. 1986ರ ಪ್ರಭು ದಯಾಳ್ ಸೇಸ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿತು. 02-01-1956ರಂದು ಹುಟ್ಟಿದ ಅಭ್ಯರ್ಥಿಗೆ 01-01-1984ರಂದೇ 28 ತುಂಬಿತು, ಹಾಗಾಗಿ ವಯೋಮಿತಿ ಮೀರಿತು ಅಂತ. ಈ ಲೆಕ್ಕದಲ್ಲಿ ನಿಮ್ಮ 02-06-2020ರ ಮಗುವಿಗೆ 01-06-2026ಕ್ಕೆ 6 ತುಂಬಿದೆ.

ಲೆಕ್ಕಪತ್ರ_ಕಲಬುರಗಿ
ವಕೀಲರೇ, 1875ರ ವಯಸ್ಕತ್ವ ಕಾಯಿದೆ ಬೇರೆ ಹೇಳುತ್ತಲ್ಲ? ಹದಿನೆಂಟನೇ ವಾರ್ಷಿಕ ದಿನ ಶುರುವಾದಾಗ ವಯಸ್ಕರು, ಹಿಂದಿನ ದಿನ ಅಲ್ಲ.

ಕಾಗಿಣಾ_ವಕೀಲ
ಅದು ವಯಸ್ಕತ್ವಕ್ಕೆ ಕಾಯಿದೆಯೇ ಬರೆದಿಟ್ಟ ರೀತಿ. ಬೇರೆ ನಿಯಮ ಏನೂ ಹೇಳದೆ ಸುಮ್ಮನಿದ್ದಾಗ ಸೇಸ್ಮಾ ತತ್ವ ಬರುತ್ತೆ ಅನ್ನೋದು ನನ್ನ ವಾದ. ಶಾಲಾ ದಾಖಲಾತಿಗೆ ಅದೇ ಅನ್ವಯಿಸುತ್ತೆ ಅಂತ ನಾನು ಪಟ್ಟು ಹಿಡಿಯೋದಿಲ್ಲ.

ಲೆಕ್ಕಪತ್ರ_ಕಲಬುರಗಿ
ಶೀಟಿನ ಮಟ್ಟಿಗೆ ಎರಡೂ ಮಾಡಬಹುದು. ಹುಟ್ಟುಹಬ್ಬದ ಲೆಕ್ಕಕ್ಕೆ $E$1, ಹಿಂದಿನ ದಿನದ ಲೆಕ್ಕಕ್ಕೆ $E$1+1. ಯಾವುದು ಅಂತ ಹೇಳಬೇಕಾದ್ದು ಆದೇಶ, ಎಕ್ಸೆಲ್ ಅಲ್ಲ. ನಾನಾಗಿದ್ದರೆ ಎರಡೂ ಕಾಲಂ ಇಟ್ಟು, ಉತ್ತರ ಬೇರೆ ಬಂದ ಮಕ್ಕಳನ್ನಷ್ಟೇ ಎಚ್‌ಎಂ ಮುಂದೆ ಇಡುತ್ತಿದ್ದೆ.

ಚಿಂಚೋಳಿ_ಗಡಿ
ನೋಟ್‌ಪ್ಯಾಡಿನಿಂದ ಹೊಸದಾಗಿ ತಂದು DMY ಕೊಟ್ಟೆ. COUNT 117 ಬಂತು. ತಿರುವಿ ಬಿದ್ದದ್ದು ಸರಿ ಆದಮ್ಯಾಲೆ 6 ತುಂಬಿದವರ ಪಟ್ಟಿಯಿಂದ ಒಂಬತ್ತು ಮಕ್ಕಳು ಹೊರಗ ಹೋದ್ರು, ಇಬ್ಬರು ಒಳಗ ಬಂದ್ರು. ಖಾಲಿ ಇದ್ದ ಒಂದು ದಿನಾಂಕ ಪ್ರಮಾಣಪತ್ರ ತರಿಸಿ ಹಾಕಬೇಕು. $E$1+1 ಕಾಲಂನಾಗ ಬ್ಯಾರೆ ಉತ್ತರ ಬಂದದ್ದು 02-06-2020ರ ಕೂಸು ಒಂದೇ. ಅದನ್ನ ಹಳದಿ ಬಣ್ಣ ಹಚ್ಚಿ ಕಚೇರಿಗೆ ಕಳಿಸೀನಿ, ಇನ್ನೂ ಉತ್ತರ ಬಂದಿಲ್ಲ.

ಬಿದರಿ_ಕುಸುರಿ
ಕಳಿಸೂ ಮೊದಲು ದಿನಾಂಕದ ಕಾಲಂ dd-mmm-yyyy ಮಾಡೀರೇನು? ಅವರ ಕಂಪ್ಯೂಟರಿನಾಗ ಯಾರಾದ್ರೂ ಸಿಎಸ್‌ವಿ ಮಾಡಿ ತೆರೆದ್ರ ಮತ್ತ ತಿರುವ್ತದ. ತಿಂಗಳು ಹೆಸರಿನಾಗ ಇದ್ರ ತಿರುವಲಿಕ್ಕ ಆಗಂಗಿಲ್ಲ.

ಚಿಂಚೋಳಿ_ಗಡಿ
ಮಾಡಿರಲಿಲ್ಲ. ಈಗ ಮಾಡಿ ಮತ್ತ ಕಳಿಸ್ತೀನಿ.